ಉಲ್ಟಾ ಕಾಲಂ

ನಲವತ್ತೊಂದನೇ ಸಾಲಿನ ಎದುರಿಗೆ ಕೆಂಪಕ್ಷರದಲ್ಲಿ ಹೀಗಿತ್ತು: "ಬೆಕ್ಕು ಕಾಣೆಯಾಗಿದೆ. ದಯವಿಟ್ಟು ಬೆಕ್ಕನ್ನು ಹಿಂದಿರುಗಿಸಿ."

ಯಾರಾದರೂ ನೋಡಿದರೆ ನಾನು ಪಕ್ಕದ ಮನೆಯ ಬೆಕ್ಕನ್ನು ಚೀಲದಲ್ಲಿ ಕಟ್ಟಿಕೊಂಡು ಓಡಿಹೋದವನು ಅಂದುಕೊಳ್ಳಬೇಕು. ನಾನು ಕದ್ದವನಲ್ಲ, ಬರೆದವನು. ಇಂಗ್ಲಿಷಿನ ಧಾರಾವಾಹಿಗಳಿಗೆ ಕನ್ನಡದ ಮಾತು ಬರೆಯುವುದು ನನ್ನ ಕೆಲಸ. ಪರದೆಯ ಮೇಲೆ ಅವರ ಬಾಯಿ ಆಡುತ್ತದೆ, ನಮ್ಮ ಮಾತು ಕೇಳುತ್ತದೆ. ಎರಡೂ ಒಂದೇ ದೇಹದಿಂದ ಬಂದಂತೆ ಕಾಣಬೇಕು. ಕಂಡರೆ ನನ್ನನ್ನು ಯಾರೂ ನೆನೆಯುವುದಿಲ್ಲ, ಕಾಣದಿದ್ದರೆ ಎಲ್ಲರೂ ನೆನೆಯುತ್ತಾರೆ.

ಈ ಸಲ ಬಂದದ್ದು ಊರೆಲ್ಲ ನೋಡಿ ನಕ್ಕಿದ್ದ ಹಾಸ್ಯ ಧಾರಾವಾಹಿ. ಒಬ್ಬ ಹಲ್ಲಿನ ಡಾಕ್ಟರು, ಅವನ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಬಂದು ಬೀಡುಬಿಟ್ಟ ಅವನ ಅತ್ತೆ. ರೋಗಿಗಳು ಬಾಯಿ ತೆರೆದುಕೊಂಡು ಮಲಗಿರುತ್ತಾರೆ, ಮಾತಾಡಲಾರರು. ಅತ್ತೆ ಬಾಯಿ ಮುಚ್ಚಲಾರಳು. ಡಾಕ್ಟರು ಇಬ್ಬರ ನಡುವೆ. ಕಥೆ ಇಷ್ಟೇ. ಅರವತ್ತು ಕಂತು. ಮೊದಲ ಕಂತನ್ನು ಮಾದರಿಗಾಗಿ ಮಾಡಿ ಕಳಿಸಬೇಕು, ಅದು ಹೆಡ್ಡಾಫೀಸಿಗೆ ಒಪ್ಪಿಗೆಯಾದರೆ ಆಯ್ಕೆ ಮಾಡಿದ ಕಂಠಗಳೇ ಕೊನೆಯವರೆಗೂ ಇರುತ್ತವೆ.

ಅತ್ತೆಯ ಕಂಠ ನನ್ನ ಚಿಕ್ಕಮ್ಮನದು. ಕೆಂಪಕ್ಷರಕ್ಕೆ ನನ್ನ ಹೊಟ್ಟೆ ಉರಿದದ್ದು ಅದಕ್ಕೇ.

ಚಿಕ್ಕಮ್ಮ ಮೂವತ್ತು ವರ್ಷ ನಾಯಕಿಯರಿಗೆ ಮಾತು ಕೊಟ್ಟವಳು. ಆಮೇಲೆ ನಾಯಕಿಯರ ವಯಸ್ಸು ಇಳಿಯುತ್ತಾ ಹೋಯಿತು, ಇವಳದು ಏರುತ್ತಾ ಹೋಯಿತು. ಕಳೆದ ಎರಡು ವರ್ಷದಲ್ಲಿ ಅವಳಿಗೆ ಸಿಕ್ಕಿದ್ದು ಮೂರು ದೆವ್ವದ ನರಳಾಟ, ಮದುವೆ ಮನೆಯಲ್ಲಿ ಹಿಂದೆ ಗುಜುಗುಜು ಅನ್ನುವ ಜನ, ಮತ್ತು ಒಂದು ಆಡು. ಆಡನ್ನು ಅದ್ಭುತವಾಗಿ ಮಾಡಿದಳು, ಆದರೆ ಆಡಿನ ಹೆಸರಿನಲ್ಲಿ ಯಾರೂ ಮುಂದಿನ ಕೆಲಸಕ್ಕೆ ಕರೆಯಲಿಲ್ಲ. ಈ ಅತ್ತೆಯ ಪಾತ್ರ ಬಂದ ದಿನ ಅವಳು ಮಹಡಿಯಿಂದ ಇಳಿದು ಬಂದು ನಮ್ಮ ಅಡುಗೆಮನೆಯಲ್ಲಿ ನಿಂತು, "ಲೋ, ಅರವತ್ತು ಕಂತು ಕಣೋ! ಇದು ಹೋದ್ರೆ ಇನ್ನು ನಾನು ಆಡೇ," ಅಂದಿದ್ದಳು. ನಕ್ಕುಕೊಂಡೇ ಅಂದಿದ್ದಳು. ಆದರೆ ಎರಡು ಸಲ ಅಂದಳು.

ಈಗ ಬೆಕ್ಕಿನ ವಿಷಯ. ಒಂದು ದೃಶ್ಯದಲ್ಲಿ ಡಾಕ್ಟರು ರೋಗಿಯ ಬಾಯಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದಾನೆ. ಅತ್ತೆ ಬಂದು ಏನೋ ಕೇಳುತ್ತಾಳೆ, ರೋಗಿ ಗುಟುರು ಹಾಕುತ್ತಾನೆ. ಮಾತಾಡದೆ ಕೂತವರನ್ನು ಇಂಗ್ಲಿಷಿನಲ್ಲಿ ಕಿಚಾಯಿಸುವುದು 'ನಿನ್ನ ನಾಲಿಗೆ ಬೆಕ್ಕು ಎತ್ಕೊಂಡು ಹೋಯ್ತಾ' ಅಂತ. ಅತ್ತೆ ಅದನ್ನೇ ಕೇಳುತ್ತಾಳೆ. ಅಳಿಯ, 'ಇಲ್ಲ, ನಾನೇ ತಗೊಂಡೆ, ನಾಲ್ಕು ಗಂಟೆಗೆ ವಾಪಸ್ ಸಿಗುತ್ತೆ' ಅನ್ನುತ್ತಾನೆ. ಮರುಕ್ಷಣ ಹೋ ಎಂದು ಜನ ನಗುತ್ತಾರೆ.

ಆ ಜನ ಯಾರು, ಎಲ್ಲಿದ್ದಾರೆ, ಬದುಕಿದ್ದಾರೋ ಇಲ್ಲವೋ ದೇವರಿಗೇ ಗೊತ್ತು. ಅದು ಡಬ್ಬಿಯಲ್ಲಿ ಬರುವ ನಗು. ಸಂಗೀತ, ಬಾಗಿಲ ಸದ್ದು, ಚಮಚದ ಸದ್ದಿನ ಜೊತೆಗೆ ಆ ನಗುವೂ ಒಂದೇ ಟ್ರ್ಯಾಕಿನಲ್ಲಿ ಅಂಟಿಕೊಂಡೇ ಬರುತ್ತದೆ. ಅದನ್ನು ಹಿಂದೆ ಮುಂದೆ ಸರಿಸುವಂತಿಲ್ಲ. ನಮಗೆ ಖಾಲಿ ಬಿಟ್ಟಿರುವುದು ಮಾತಿನ ಜಾಗ ಮಾತ್ರ. ನಗು ಎಲ್ಲಿ ಏಳುತ್ತದೋ ಅದಕ್ಕೆ ಕೂದಲೆಳೆ ಮುಂಚೆ ನಮ್ಮ ಮಾತು ಮುಗಿದಿರಬೇಕು, ನಗಿಸುವ ಪದವೇ ಕೊನೆಯ ಪದವಾಗಿರಬೇಕು. ನಮ್ಮ ಭಾಷೆಯಲ್ಲೋ ಕ್ರಿಯಾಪದ ಮದುವೆಗೆ ಬರುವ ದೂರದ ನೆಂಟನಂತೆ ಎಲ್ಲ ಮುಗಿದ ಮೇಲೆ ನಿಧಾನವಾಗಿ ಬರುತ್ತದೆ. ಅದನ್ನು ಬಾಗಿಲಲ್ಲೇ ನಿಲ್ಲಿಸುವುದು ನನ್ನ ಕಸುಬು.

ನಾನು ಬರೆದದ್ದು ಹೀಗೆ. ಅತ್ತೆ: "ಏನು, ಬಾಯಿಗೆ ಬೀಗಾನಾ?" ಅಳಿಯ: "ಬೀಗ ನಂದೇ, ಅತ್ತೆ. ಕೀಲಿ ನಾಲ್ಕಕ್ಕೆ."

ಅತ್ತೆ ಕೇಳುವಾಗ ಕ್ಯಾಮೆರಾ ರೋಗಿಯ ಮುಖದ ಮೇಲಿದೆ, ಅವಳ ಬೆನ್ನು ಮಾತ್ರ ಕಾಣುತ್ತದೆ. ಬೆನ್ನಿಗೆ ತುಟಿ ಇಲ್ಲ, ಹಾಗಾಗಿ ತುಟಿ ಮುಚ್ಚುವ 'ಬ'ಕಾರಗಳನ್ನು ಎಷ್ಟು ಬೇಕಾದರೂ ಸುರಿಯಬಹುದು. ಅಳಿಯನ ಮುಖಕ್ಕೆ ಗವಸು. ಅರ್ಧ ಹೊತ್ತು ಬಾಯಿ ಮುಚ್ಚಿಕೊಂಡೇ ಮಾತಾಡುವ ನಾಯಕ ನಮ್ಮಂಥವರಿಗೆ ಪೂರ್ವಜನ್ಮದ ಪುಣ್ಯ. ಚಿಕ್ಕಮ್ಮ ಓದಿ ನೋಡಿದಾಗ ಸ್ಟುಡಿಯೋದ ಯಜಮಾನರು ಟೀ ಲೋಟ ಕೆಳಗಿಟ್ಟು ನಕ್ಕರು. ಯಜಮಾನರೇ ನಮ್ಮ ರೆಕಾರ್ಡಿಂಗ್ ಎಂಜಿನಿಯರೂ ಹೌದು. ಇಪ್ಪತ್ತು ವರ್ಷ ಹೆಡ್‌ಫೋನ್ ಹಾಕಿ ಅವರ ಕಿವಿಗಳು ತಲೆಗೆ ಅಂಟಿಹೋಗಿವೆ. ಸುಲಭಕ್ಕೆ ನಗುವ ಆಸಾಮಿಯಲ್ಲ.

ಆದರೆ ಹೆಡ್ಡಾಫೀಸಿನಲ್ಲಿ ಕನ್ನಡ ಬಲ್ಲವರು ಒಬ್ಬರೂ ಇಲ್ಲ. ಅಲ್ಲಿ ಕೂತು ನಮ್ಮ ಕನ್ನಡ ಸರಿಯಿದೆಯೇ ಅಂತ ತೀರ್ಪು ಕೊಡುವವರು ಗುಣಮಟ್ಟ ವಿಭಾಗದ ಒಬ್ಬರು. ನಾವು ಅವರನ್ನು ಗುಣಮಟ್ಟ ಅಂತಲೇ ಕರೆಯುತ್ತೇವೆ. ಗಂಡೋ ಹೆಣ್ಣೋ ಗೊತ್ತಿಲ್ಲ, ಕೆಂಪು ಬಣ್ಣ ಅನ್ನುವುದು ಮಾತ್ರ ಗೊತ್ತು. ಕನ್ನಡ ಬರದೆ ಕನ್ನಡವನ್ನು ತೂಗುವುದು ಹೇಗೆ? ಅದಕ್ಕೊಂದು ಉಪಾಯವಿದೆ. ನಾವು ಕಳಿಸುವ ಹಾಳೆಯಲ್ಲಿ ಮೂರು ಕಾಲಂ. ಮೊದಲನೆಯದು ಮೂಲ ಇಂಗ್ಲಿಷ್. ಎರಡನೆಯದು ನಮ್ಮ ಕನ್ನಡ. ಮೂರನೆಯದು ನಮ್ಮ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿದ್ದು. ಅದಕ್ಕೆ ಉದ್ದನೆಯ ಹೆಸರೊಂದಿದೆ, ನಾವು ಉಲ್ಟಾ ಕಾಲಂ ಅನ್ನುತ್ತೇವೆ. ಗುಣಮಟ್ಟವು ಒಂದನೆಯದನ್ನೂ ಮೂರನೆಯದನ್ನೂ ಅಕ್ಕಪಕ್ಕ ಇಟ್ಟು ನೋಡುತ್ತದೆ. ಎರಡೂ ಹೊಂದಿದರೆ ಹಸಿರು, ಹೊಂದದಿದ್ದರೆ ಕೆಂಪು. ನಡುವಿನ ಕನ್ನಡ ಅವರ ಪಾಲಿಗೆ ಗೋಡೆಯ ಮೇಲಿನ ಬಳ್ಳಿಯ ಚಿತ್ತಾರ.

ಉಲ್ಟಾ ಕಾಲಂ ತುಂಬುವವರು ನಮ್ಮ ಸ್ಟುಡಿಯೋದ ಗುಮಾಸ್ತರು. ಸುಳ್ಳು ಹೇಳಲು ಬರದ ಮನುಷ್ಯ, ಆದ್ದರಿಂದ ಹೆಸರು ಹರಿಶ್ಚಂದ್ರ. ಫೋನಿನಲ್ಲಿ 'ಯಜಮಾನರು ಇಲ್ಲ ಅನ್ನಿ' ಅಂದರೆ, 'ಯಜಮಾನರು ಇಲ್ಲ ಅನ್ನೋಕೆ ಹೇಳಿದ್ದಾರೆ' ಅನ್ನುವ ಜಾತಿ. ಅವರು ಪದಕ್ಕೆ ಪದ ತಿರುಗಿಸಿದ್ದರು: 'ಏನು, ಬಾಯಿಗೆ ಬೀಗವೇ? ಬೀಗ ನನ್ನದೇ, ಅತ್ತೆ. ಬೀಗದ ಕೈ ನಾಲ್ಕಕ್ಕೆ.' ಅದನ್ನು ನೋಡಿ ಗುಣಮಟ್ಟ ಬರೆದದ್ದು: "ಬೆಕ್ಕು ಕಾಣೆಯಾಗಿದೆ. ಬೀಗ ಎಲ್ಲಿಂದ ಬಂತು? ದೃಶ್ಯದಲ್ಲಿ ಬೀಗವಿಲ್ಲ. ದಯವಿಟ್ಟು ಬೆಕ್ಕನ್ನು ಹಿಂದಿರುಗಿಸಿ." ಮೂಲ ಇಂಗ್ಲಿಷಿನಲ್ಲಿತ್ತು, ಅದರ ಜಂಭಕ್ಕೆ ಊನ ಬಾರದಂತೆ ಕನ್ನಡಕ್ಕೆ ತಂದಿದ್ದೇನೆ.

ಒಟ್ಟು ಅರವತ್ತಮೂರು ಕೆಂಪು. ಇಡೀ ಕಂತಿಗೆ ದಡಾರ ಎದ್ದಂತೆ ಕಾಣುತ್ತಿತ್ತು. ಕೊನೆಯಲ್ಲಿ ಒಂದು ಆದೇಶ: ಈ ಬರಹಗಾರರನ್ನು ಕೈಬಿಡಿ, ನಮ್ಮ ಅನುಮೋದಿತ ಭಾಷಾತಜ್ಞರಿಂದ ಬರೆಸಿ.

ಅನುಮೋದಿತ ಭಾಷಾತಜ್ಞರು ಅಂದರೆ ನಿಘಂಟು ಮೇಷ್ಟ್ರು.

ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಕನ್ನಡ. ಸೊಳ್ಳೆ ಕಚ್ಚಿದರೂ 'ಕೀಟಬಾಧೆ ಸಂಭವಿಸಿತು' ಅನ್ನುವವರು. ಎರಡೇ ದಿನದಲ್ಲಿ ಇಡೀ ಕಂತನ್ನು ಬರೆದುಕೊಟ್ಟರು. ಅತ್ತೆ: "ಏನು, ಬೆಕ್ಕು ನಿನ್ನ ನಾಲಿಗೆಯನ್ನು ತೆಗೆದುಕೊಂಡಿತೇ?" ಮೂಲದಲ್ಲಿ ಉಚ್ಚಾರಕ್ಕೆ ಐದು ಅಕ್ಷರ, ಇವರದು ಹದಿನೇಳು. ಪಾಪ, ಬೆಕ್ಕೇ ನಡೆದುಕೊಂಡು ಬಂದು ಹೋಗಬಹುದು, ಅಷ್ಟು ಉದ್ದ.

ಇನ್ನೊಂದು ಕಡೆ ಅತ್ತೆ 'ನಾನು ಯಾರಿಗೂ ಹೊರೆ ಆಗೋಕೆ ಇಷ್ಟಪಡಲ್ಲ' ಅನ್ನುತ್ತಾಳೆ, ಅಳಿಯ 'ಯಾರೂ ಇಷ್ಟಪಡಲ್ಲ, ಅದೊಂದು ಗಿಫ್ಟ್' ಅನ್ನುತ್ತಾನೆ. ಇಂಗ್ಲಿಷಿನಲ್ಲಿ ಆ ಪದಕ್ಕೆ ಕಾಣಿಕೆ ಅಂತಲೂ ಅರ್ಥ, ಹುಟ್ಟಿನಿಂದ ಬಂದ ಕಲೆ ಅಂತಲೂ ಅರ್ಥ. ಇಲ್ಲಿ ಎರಡನೆಯದು. ಮೇಷ್ಟ್ರು ಬರೆದರು: "ಯಾರೂ ಬಯಸುವುದಿಲ್ಲ. ಅದು ಒಂದು ಉಡುಗೊರೆಯಾಗಿದೆ." ಅತ್ತೆಯ ಹುಟ್ಟುಹಬ್ಬಕ್ಕೆ ಹೊರೆ ಕಟ್ಟಿ ಕೊಟ್ಟರೋ ಅನ್ನುವ ಹಾಗೆ. ಆದರೆ ಹರಿಶ್ಚಂದ್ರ ಉಡುಗೊರೆಯನ್ನು ಇಂಗ್ಲಿಷಿಗೆ ತಿರುಗಿಸಿದಾಗ ಅದೇ ಗಿಫ್ಟ್ ಬಂತು. ಹಸಿರು! ತಪ್ಪು ಅರ್ಥ ಹಿಡಿದು ಹೋದವನು ಅದೇ ದಾರಿಯಲ್ಲಿ ಹಿಂದೆ ಬಂದರೆ ಹೊರಟ ಜಾಗಕ್ಕೇ ಬರುತ್ತಾನಲ್ಲ, ಹಾಗೆ. ಮೇಷ್ಟ್ರ ಹಾಳೆಗೆ ನೂರಕ್ಕೆ ತೊಂಬತ್ತಾರು ಅಂಕ.

ಗುರುವಾರ ಮಾದರಿ ರೆಕಾರ್ಡಿಂಗ್. ನಿಯಮದ ಪ್ರಕಾರ ಭಾಷಾತಜ್ಞರು ಎದುರಿಗಿದ್ದು, ಆಡಿದ ಮಾತೂ ಹಾಳೆಯ ಮಾತೂ ಒಂದೇ ಅಂತ ಸಹಿ ಮಾಡಬೇಕು. ಮೇಷ್ಟ್ರು ಯಜಮಾನರ ಪಕ್ಕ ಬೆನ್ನು ನೆಟ್ಟಗೆ ಮಾಡಿ ಕೂತರು. ಕೆಲಸದಿಂದ ತೆಗೆದಿದ್ದರೂ ಚಿಕ್ಕಮ್ಮನನ್ನು ಬಿಡಲು ಬಂದ ನೆಪದಲ್ಲಿ ನಾನು ಹಿಂದಿನ ಗೋಡೆಗೆ ಒರಗಿ ನಿಂತೆ. ಗಾಜಿನ ಆಚೆ ಚಿಕ್ಕಮ್ಮ ಮೈಕಿನ ಮುಂದೆ.

ಪರದೆಯ ಮೇಲೆ ಅತ್ತೆ ಬಂದಳು. ಚಿಕ್ಕಮ್ಮ ಶುರು ಮಾಡಿದಳು, "ಏನು, ಬೆಕ್ಕು ನಿನ್ನ ನಾಲಿಗೆಯನ್ನು ತೆ..." ಅಷ್ಟರಲ್ಲಿ ಅಳಿಯ ಉತ್ತರ ಕೊಟ್ಟಾಗಿತ್ತು.

"ಇನ್ನೊಂದ್ಸಲ ಹೋಗೋಣಮ್ಮ," ಅಂದರು ಯಜಮಾನರು.

ಎರಡನೇ ಸಲ ಓಟದಲ್ಲಿ ಹೇಳಿದಳು. ಬೆಕ್ಕನ್ನು ನಾಯಿ ಅಟ್ಟಿಸಿಕೊಂಡು ಬಂದಂತಿತ್ತು. ಮೂರನೇ ಸಲ ಸಮಯಕ್ಕೆ ಮುಗಿಯಿತು, ಆದರೆ ಯಾರಿಗೂ ಅರ್ಥವಾಗಲಿಲ್ಲ. ಅಳಿಯನ ಕಂಠ ಹಿಂದಿನ ದಿನವೇ ರೆಕಾರ್ಡ್ ಆಗಿತ್ತು: "ಇಲ್ಲ, ನಾನು ತೆಗೆದುಕೊಂಡೆ. ಅವನಿಗೆ ಅದು ನಾಲ್ಕು ಗಂಟೆಗೆ ಮರಳಿ ದೊರೆಯುತ್ತದೆ." 'ನಾಲ್ಕು ಗಂಟೆಗೆ' ಅನ್ನುವಷ್ಟರಲ್ಲಿ ಡಬ್ಬಿ ನಗು ಸಿಡಿಯಿತು, 'ಮರಳಿ ದೊರೆಯುತ್ತದೆ' ಆ ನಗುವಿನಡಿ ಸಿಕ್ಕಿ ಸತ್ತಿತು. ಡಬ್ಬಿಯ ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಕೋಣೆಯಲ್ಲಿದ್ದ ನಾವು ಸಾವಿನ ಮನೆಗೆ ಬಂದವರ ಹಾಗೆ ನೆಲ ನೋಡುತ್ತಿದ್ದೆವು.

ಚಿಕ್ಕಮ್ಮ ಹೆಡ್‌ಫೋನ್ ತೆಗೆದು, "ಮೇಷ್ಟ್ರೇ, 'ತೆಗೆದುಕೊಂಡಿತೇ' ಬದಲು 'ತಗೊಂಡ್ತಾ' ಅನ್ಲಾ? ಉಸಿರು ಉಳಿಯುತ್ತೆ," ಅಂತ ಕೇಳಿದಳು.

ಮೇಷ್ಟ್ರು ಮೈಕಿಗೆ ಬಾಗಿದರು. "ಕ್ಷಮಿಸಬೇಕು. ಅನುಮೋದಿತ ಪಾಠದಲ್ಲಿ ವ್ಯತ್ಯಯ ಮಾಡುವ ಅಧಿಕಾರ ನನಗಿಲ್ಲ."

"ಉಸಿರಾಡೋ ಅಧಿಕಾರ ನನಗಿದ್ಯಾ?"

"ಅದು ತಮ್ಮ ವಿವೇಚನೆಗೆ ಬಿಟ್ಟದ್ದು."

ಅವರು ತಮಾಷೆಗೆ ಅಂದದ್ದಲ್ಲ.

ಶುಕ್ರವಾರ ಸಂಜೆ ಹೆಡ್ಡಾಫೀಸಿನ ತೀರ್ಪು ಬಂತು. ಯಜಮಾನರು ನನಗೆ ಮಾತ್ರ ತೋರಿಸಿದರು. "ಪಠ್ಯ ಅತ್ಯಂತ ನಿಷ್ಠವಾಗಿದೆ. ಆದರೆ ಅತ್ತೆಯ ಪಾತ್ರದ ಕಲಾವಿದೆಗೆ ಹಾಸ್ಯಪ್ರಜ್ಞೆ ಇಲ್ಲ. ನಗುವಿನ ಸಮಯ ತಿಳಿಯದು. ಬುಧವಾರದೊಳಗೆ ಒಂದು ಅಂತಿಮ ಅವಕಾಶ. ಆಮೇಲೆ ಕಂಠ ಬದಲಿಸಿ."

ಹಗ್ಗದಿಂದ ಕಾಲು ಕಟ್ಟಿ, ಕುಣಿಯಲು ಬರುವುದಿಲ್ಲ ಅಂತ ಅಂಕ ಕೊಟ್ಟಿದ್ದರು.

"ನನ್ನ ಸಾಲುಗಳನ್ನ ಹಾಕಿ," ಅಂದೆ.

"ಹುಚ್ಚಾ? ನಿಮ್ಮನ್ನ ತೆಗೆದು ಹಾಕಿದ್ದಾರೆ ಕವಿಗಳೇ." ಯಜಮಾನರಿಗೆ ಕೋಪ ಬಂದಾಗ ನಾನು ಕವಿ.

"ತುಟಿಗೆ ಹೊಂದಿಸೋಕೆ ಸ್ಟುಡಿಯೋದವರು ಅಲ್ಲಲ್ಲಿ ಬದಲಾಯಿಸಿ ಹಾಳೆ ಮತ್ತೆ ಕಳಿಸಬಹುದು ಅಂತ ನಿಯಮ ಇದೆಯಲ್ಲ?"

"ಅಲ್ಲಲ್ಲಿ ಅಂದ್ರೆ ಒಂದೆರಡು ಪದ."

"ಎಷ್ಟು ಅಂತ ಬರೆದಿದ್ದಾರಾ?"

ಯಜಮಾನರು ನಿಯಮದ ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಓದಿದರು. ಬರೆದಿರಲಿಲ್ಲ. "ಆದ್ರೂ ಉಲ್ಟಾ ಕಾಲಂ ಇದೆಯಲ್ಲ ಮಾರಾಯ್ರೇ. ಈ ಹರಿಶ್ಚಂದ್ರ ಮತ್ತೆ ಬೀಗ ಅಂತ ಬರೀತಾನೆ, ಅವರು ಮತ್ತೆ ಬೆಕ್ಕು ಕೇಳ್ತಾರೆ."

ಪಕ್ಕದ ಮೇಜಿನಲ್ಲಿದ್ದ ಹರಿಶ್ಚಂದ್ರ ತಲೆಯೆತ್ತಿದರು. "ಬೀಗ ಅಂದ್ರೆ ಬೀಗ ಸಾರ್. ಸುಳ್ಳು ಬರೆಯೋಕೆ ನನ್ನ ಕೈಲಿ ಆಗಲ್ಲ."

ನಾನು ಕುರ್ಚಿ ಎಳೆದುಕೊಂಡು ಅವರ ಎದುರಿಗೆ ಕೂತೆ. "ಸುಳ್ಳು ಬೇಡ. ಒಂದು ಪ್ರಶ್ನೆ ಕೇಳ್ತೀನಿ. ನಿಮ್ಮ ಮನೆಯವರು ಮುನಿಸ್ಕೊಂಡು ಮಾತು ಬಿಟ್ರೆ ಏನಂತ ಕೇಳ್ತೀರಿ?"

"ಏನೂ ಕೇಳಲ್ಲ ಸಾರ್. ಅದೇ ಕ್ಷೇಮ."

"ಸರಿ, ಬುದ್ಧಿ ಇಲ್ಲದೋನು ಕೇಳೋದಾದ್ರೆ?"

"ಯಾಕೆ ಬಾಯಿಗೆ ಬೀಗ ಹಾಕ್ಕೊಂಡಿದೀಯ ಅಂತಾನೆ."

"ಆ ಬುದ್ಧಿ ಇಲ್ಲದೋನು ಇಂಗ್ಲಿಷಿನವನಾದ್ರೆ?"

ಹರಿಶ್ಚಂದ್ರ ಪೆನ್ನಿನ ತುದಿ ಕಚ್ಚಿದರು. ಕಿಟಕಿ ನೋಡಿದರು. ಮೆಲ್ಲಗೆ, "ಬೆಕ್ಕು," ಅಂದರು.

"ಯಜಮಾನರಿಗೆ ಕೇಳಿಸ್ಲಿಲ್ಲ."

"ಬೆಕ್ಕು ಸಾರ್! ಇಂಗ್ಲಿಷಿನವನಾದ್ರೆ ಬೆಕ್ಕೇ ಅನ್ನಬೇಕು, ಬೇರೆ ದಾರಿ ಇಲ್ಲ." ಅವರ ಮುಖ ಒಮ್ಮೆಲೇ ಬಿಳುಚಿತು. "ಹಾಗಾದ್ರೆ ನಾನು ಇಷ್ಟು ವರ್ಷ ಬರೆದಿದ್ದು?"

"ಅದೇ ಸುಳ್ಳು," ಅಂದೆ. ಕ್ರೂರವಾದ ಮಾತು. ಆದರೆ ನಿಜ ಹೇಳುವವರಿಗೆ ನಿಜ ಹೇಳಲು ನಾನೇಕೆ ಹಿಂಜರಿಯಲಿ?

ಶನಿವಾರ ಬೆಳಗ್ಗೆಯಿಂದ ಇಬ್ಬರೂ ಕೂತೆವು. ನಾನು ಒಂದೊಂದೇ ಸಾಲನ್ನು ಅತ್ತೆಯ ಕಂಠದಲ್ಲೂ ಅಳಿಯನ ಕಂಠದಲ್ಲೂ ಆಡಿ ತೋರಿಸುವುದು, ಅವರು ಕಣ್ಣು ಮುಚ್ಚಿ, 'ಇದೇ ಹೊತ್ತಿನಲ್ಲಿ ಇಂಗ್ಲಿಷಿನವರು ಏನನ್ನುತ್ತಾರೆ' ಅಂತ ಯೋಚಿಸಿ ಬರೆಯುವುದು. ಬರೆದ ಮೇಲೆ ಮೊದಲ ಕಾಲಂ ನೋಡಿದರೆ ಅದೇ ಸಾಲು. ಪ್ರತಿ ಸಲವೂ ಅವರಿಗೆ ಪವಾಡ ಕಂಡಂತೆ ಆನಂದ. ಮೇಷ್ಟ್ರು 'ಅವರು ವಾರಾಂತ್ಯಕ್ಕಾಗಿ ಆಗಮಿಸಿದರು, ಅದು ಮಾರ್ಚ್ ತಿಂಗಳಿನಲ್ಲಾಗಿತ್ತು, ಪ್ರಸ್ತುತ ನಾವು ನಮ್ಮ ಮೂರನೆಯ ಮಾರ್ಚ್ ತಿಂಗಳಿನಲ್ಲಿ ಇದ್ದೇವೆ' ಅಂತ ರೈಲು ಬಿಟ್ಟಿದ್ದ ಕಡೆ, ನನ್ನದು: "ಎರಡು ದಿನಕ್ಕೆ ಅಂತ ಬಂದ್ರು. ಮಾರ್ಚಲ್ಲಿ. ಇದು ಮೂರನೇ ಮಾರ್ಚು." ಮೂಲದಲ್ಲೂ ಮೂರೇ ತುಂಡು, ಮೂರು ಉಸಿರು.

ಒಂದೇ ಕಡೆ ಹರಿಶ್ಚಂದ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಹೊರೆಯ ಸಾಲು. ನಾನು ಬರೆದಿದ್ದೆ: "ನಾನು ಯಾರಿಗೂ ಭಾರ ಆಗೋಕೆ ಬಂದಿಲ್ಲಪ್ಪ." "ಬಂದ ಮೇಲೆ ಆಗಿದ್ದು, ಅತ್ತೆ."

"ಇದು ಚೆನ್ನಾಗಿದೆ ಸಾರ್. ಆದ್ರೆ ಇದು ಆ ಜೋಕ್ ಅಲ್ಲ. ಅಲ್ಲಿ ಅವನು ಅತ್ತೆಯನ್ನ ಹೊಗಳೋ ಹಾಗೆ ಬೈತಾನೆ. ಇಲ್ಲಿ ನೇರವಾಗಿ ಬೈತಾನೆ."

"ನಗು ಬರುತ್ತೆ ತಾನೇ?"

"ಬರುತ್ತೆ. ಇಂಗ್ಲಿಷಿನವನು ಗಿಫ್ಟ್ ಅನ್ನಲ್ಲ."

ಗುಮಾಸ್ತನೊಬ್ಬ ನನಗೆ ಹಾಸ್ಯ ಹೇಳಿಕೊಡುವುದೇ ಅಂತ ಅರ್ಧ ಗಂಟೆ ಕೂಗಾಡಿದೆ. ಆಮೇಲೆ, ಅವರು ಹೇಳಿದ್ದು ಸರಿ ಅಂತ ಗೊತ್ತಾಗಿ ಇನ್ನೂ ಸಿಟ್ಟು ಬಂತು. ಸ್ಟುಡಿಯೋದ ಕಾರಿಡಾರಿನಲ್ಲಿ ಹನ್ನೊಂದು ಸಲ ಆ ಕಡೆ ಈ ಕಡೆ ನಡೆದು ವಾಪಸ್ ಬಂದೆ.

"ಕೇಳಿ. ಅತ್ತೆ: 'ಯಾರಿಗೂ ಭಾರ ಆಗೋಕೆ ನನಗಿಷ್ಟ ಇಲ್ಲಪ್ಪ.' ಅಳಿಯ: 'ಇಷ್ಟಪಟ್ರೆ ಆಗಲ್ಲ ಅತ್ತೆ, ಹುಟ್ಟಿನಿಂದ ಬರ್ಬೇಕು.'"

ಹರಿಶ್ಚಂದ್ರ ಗಿಫ್ಟ್ ಅಂತ ಬರೆದರು. ಬರೆಯುವಾಗ ಅವರ ಭುಜ ಕುಲುಕುತ್ತಿತ್ತು. ನನ್ನ ಮೊದಲಿನ ಸಾಲಿಗಿಂತ ಇದು ಹತ್ತು ಪಾಲು ವಾಸಿ ಅನ್ನುವುದನ್ನು ನಾನು ಇವತ್ತಿಗೂ ಅವರ ಮುಂದೆ ಒಪ್ಪಿಕೊಂಡಿಲ್ಲ.

ಹಾಳೆ ಹೋಗುವ ಮುಂಚೆ ಹರಿಶ್ಚಂದ್ರ ತಲೆಬರಹ ತೋರಿಸಿದರು. 'ಬರಹ' ಅನ್ನುವ ಕಡೆ ನಿಘಂಟು ಮೇಷ್ಟ್ರ ಹೆಸರು ಮೊದಲೇ ಅಚ್ಚಾಗಿ ಕೂತಿತ್ತು. ಅನುಮೋದಿತರ ಹೆಸರು ಹೆಡ್ಡಾಫೀಸಿನಿಂದಲೇ ತುಂಬಿ ಬರುತ್ತದೆ, ನಾವು ಬದಲಿಸುವಂತಿಲ್ಲ. "ಇದು ನಾನು ತುಂಬಿದ ಕಾಲಂ ಅಲ್ಲ ಸಾರ್," ಅಂದರು. ತನ್ನ ಸತ್ಯಕ್ಕೆ ಬೇಲಿ ಎಲ್ಲಿದೆ ಅಂತ ಚೆನ್ನಾಗಿ ಬಲ್ಲ ಮನುಷ್ಯ.

ಮಂಗಳವಾರ ಹಾಳೆ ವಾಪಸ್ ಬಂತು. ಮೇಲಿನಿಂದ ಕೆಳಗಿನವರೆಗೆ ಹಸಿರು, ಒಳ್ಳೆ ಗದ್ದೆಯ ಹಾಗೆ. ನೂರಕ್ಕೆ ನೂರು. "ನಾವು ಇದುವರೆಗೆ ಕಂಡ ಅತ್ಯಂತ ನಿಷ್ಠ ಅನುವಾದ. ಒಂದು ಪದವೂ ಅತ್ತಿತ್ತ ಆಗಿಲ್ಲ," ಅಂತ ಗುಣಮಟ್ಟ ಷರಾ ಬರೆದಿತ್ತು. ಮೂರನೇ ಕಾಲಂ ಮೊದಲನೆಯದರ ಹಾಗೇ ಇದ್ದರೆ ಯಾರಾದರೂ ಅನುಮಾನಪಡುತ್ತಾರೆ ಅಂತ ಯಜಮಾನರು ಹೆದರಿದ್ದರು. ಕನ್ನಡಿಯಲ್ಲಿ ತಮ್ಮ ಮುಖವನ್ನೇ ಕಂಡವರು ಯಾವತ್ತು ಕನ್ನಡಿಯ ಮೇಲೆ ದೂರು ಕೊಟ್ಟಿದ್ದಾರೆ?

ಅಳಿಯನ ಕಂಠದವನು ಬಂದು ತನ್ನ ಸಾಲುಗಳನ್ನು ಮಂಗಳವಾರವೇ ಮತ್ತೆ ಹೇಳಿ ಹೋದ. ಬುಧವಾರ ಚಿಕ್ಕಮ್ಮ. ಅವಳಿಗೆ ನಾವು ತೀರ್ಪಿನ ವಿಷಯ ಹೇಳಿರಲಿಲ್ಲ. ಯಾರೂ ಹೇಳದಿದ್ದರೂ ಅವಳಿಗೆ ಗೊತ್ತಿತ್ತು. ಗಾಜಿನಾಚೆ ನಿಂತು ನೀರು ಕುಡಿದಳು, ಮತ್ತೆ ಕುಡಿದಳು.

ಒಂದೇ ಒಂದು ತೊಡಕು ಉಳಿದಿತ್ತು. ಮೇಷ್ಟ್ರು. ನಿಯಮದಂತೆ ಅವರು ಬಂದೇ ಬರುತ್ತಾರೆ, ಕನ್ನಡ ಅವರಿಗೆ ಗೋಡೆಯ ಚಿತ್ತಾರವಲ್ಲ. ಒಂದು ಸಾಲು ಕಿವಿಗೆ ಬಿದ್ದರೆ ಸಾಕು, ಸಹಿ ಹಾಕದೆ ಎದ್ದುಹೋಗುತ್ತಾರೆ. ಸಹಿ ಇಲ್ಲದ ರೆಕಾರ್ಡಿಂಗ್ ಹೋಗುವುದಿಲ್ಲ. ಸಂಜೆಯೊಳಗೆ ಹೋಗದಿದ್ದರೆ ಬೇರೆ ಕಂಠ ಬರುತ್ತದೆ.

ಸರಿಯಾಗಿ ಹತ್ತಕ್ಕೆ ಬಂದರು. "ನಮಸ್ಕಾರ. ಪಾಠದಲ್ಲಿ ಕಿಂಚಿತ್ ಓಷ್ಠ್ಯ ಹೊಂದಾಣಿಕೆ ಆಗಿದೆಯೆಂದು ತಿಳಿಯಿತು."

"ಕಿಂಚಿತ್," ಅಂದರು ಯಜಮಾನರು, ಗುಂಡಿಗಳ ಮೇಲೆ ಕಣ್ಣು ನೆಟ್ಟು.

ಶುರುವಾಯಿತು. ಅತ್ತೆ ಬಾಗಿಲು ತಳ್ಳಿಕೊಂಡು ಬಂದಳು, ರೋಗಿ ಗುಟುರು ಹಾಕಿದ. ಚಿಕ್ಕಮ್ಮ ಸೊಂಟಕ್ಕೆ ಕೈಯಿಟ್ಟು, ಗಲ್ಲ ಎತ್ತಿ, ಎದೆಯಿಂದಲ್ಲ, ಮೂಗಿನ ಬುಡದಿಂದ ಹೊರಡಿಸಿದಳು:

"ಏನು, ಬಾಯಿಗೆ ಬೀಗಾನಾ?"

"ಬೀಗ ನಂದೇ, ಅತ್ತೆ. ಕೀಲಿ ನಾಲ್ಕಕ್ಕೆ."

ಡಬ್ಬಿ ನಗು ಅದರ ಬೆನ್ನಿಗೇ ಎದ್ದಿತು. ಅದರ ಜೊತೆಗೆ ಕೋಣೆಯೊಳಗಿಂದಲೂ ಒಂದು ನಗು ಎದ್ದಿತು. ಸೋಡಾ ಬಾಟಲಿ ಮುಚ್ಚಳ ಹಾರಿದಂಥ ನಗು. ನಾನು ತಿರುಗಿ ನೋಡಿದರೆ ಮೇಷ್ಟ್ರು.

"ಅಯ್ಯೋ ಇವ್ಳ ಬಾಯಿಗಿಷ್ಟು..." ಅಂದುಬಿಟ್ಟರು. ಇಸ್ತ್ರಿ ಎಲ್ಲ ಹೋಗಿತ್ತು. ಯಾವ ಮನೆಯ ಜಗಲಿಯ ಮೇಲೆ ಎಷ್ಟು ವರ್ಷದ ಹಿಂದೆ ಬಿಟ್ಟುಬಂದ ಮಾತೋ ಅದು, ತಾನಾಗಿ ಬಂದು ಹೋಯಿತು. ಮರುಕ್ಷಣ ಕರವಸ್ತ್ರ ತೆಗೆದು ಬಾಯಿ ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿದರು.

"ಇದು... ಇದು ನನ್ನ ಸಾಲಲ್ಲ."

ಯಜಮಾನರ ಮೊಣಕೈ ಆಚೆಗೆ ಮಾತು ಕೇಳಿಸುವ ಮೈಕಿನ ಗುಂಡಿಯ ಮೇಲಿತ್ತು. ನಮ್ಮ ಮಾತೆಲ್ಲ ಚಿಕ್ಕಮ್ಮನ ಕಿವಿಗೆ ಹೋಗುತ್ತಿತ್ತು. ಅವಳು ಗಾಜಿನಾಚೆ ಕೈಕಟ್ಟಿ ನಿಂತಳು.

"ಹಾಳೆ ಕೊಡಿ," ಅಂದರು ಮೇಷ್ಟ್ರು.

ಹರಿಶ್ಚಂದ್ರ ತಂದುಕೊಟ್ಟರು. ಮೇಷ್ಟ್ರು ಕನ್ನಡಕ ಏರಿಸಿ ಮೊದಲ ಪುಟ ನೋಡಿದರು, ಎರಡನೇ ಪುಟ ನೋಡಿದರು, ಮತ್ತೆ ಮೊದಲ ಪುಟಕ್ಕೆ ಬಂದರು. ಬೆರಳು ತಲೆಬರಹದಲ್ಲಿ ತಮ್ಮ ಹೆಸರಿನ ಮೇಲೆ ನಿಂತಿತು. ಅಲ್ಲಿಂದ ನಿಧಾನವಾಗಿ ಕೆಳಗಿಳಿದು 'ನೂರಕ್ಕೆ ನೂರು' ಅನ್ನುವ ಕಡೆ ಬಂದು ಕೂತಿತು. ಅವರ ಜೀವಮಾನದ ಅತಿ ಹೆಚ್ಚಿನ ಅಂಕ ತೊಂಬತ್ತಾರು.

ನಾನು ಮುಂದೆ ಬಂದೆ. ನಾಲಿಗೆಯ ತುದಿಯಲ್ಲಿ 'ಅವೆಲ್ಲ ನಂದು' ಅನ್ನುವ ಮಾತಿತ್ತು. ಹೇಳಿದರೆ ಹಾಳೆ ಅಲ್ಲೇ ರದ್ದು. ಗಾಜಿನಾಚೆ ನೋಡಿದೆ. ಚಿಕ್ಕಮ್ಮ ನೀರಿನ ಲೋಟ ಎತ್ತಿಕೊಂಡಿದ್ದಳು, ಕುಡಿಯುತ್ತಿರಲಿಲ್ಲ.

"ಮೇಷ್ಟ್ರೇ," ಅಂದೆ, "ಎಷ್ಟೊಂದು ಬರೀತೀರಿ ನೀವು. ಯಾವುದು ಅಂತ ನೆನಪಿಟ್ಕೊಳ್ತೀರಿ ಪಾಪ."

ಮೇಷ್ಟ್ರು ನನ್ನನ್ನು ನೋಡಿದರು. ಅವರಿಗೆ ಅರ್ಥವಾಯಿತು. ಅರ್ಥವಾದದ್ದು ನನಗೂ ಅರ್ಥವಾಯಿತು. ಅವರಿಗೆ ನಾಚಿಕೆ ಅನ್ನುವುದೇನಾದರೂ ಬರುವುದಿದ್ದರೆ ಆ ಹೊತ್ತಿಗೆ ಬರಬೇಕಿತ್ತು, ಬಾಗಿಲವರೆಗೆ ಬಂದಿತ್ತೋ ಏನೋ.

"ಹೌದು," ಅಂದರು ಮೇಷ್ಟ್ರು ಕೊನೆಗೆ. "ಕೆಲವು ಸಾಲುಗಳು... ರಚಿಸುವ ಸಂದರ್ಭದಲ್ಲಿ ಇಷ್ಟು ಸೊಗಸಾಗಿವೆಯೆಂದು ನನಗೇ ಹೊಳೆದಿರಲಿಲ್ಲ." ಪೆನ್ನಿನ ಮುಚ್ಚಳ ತೆಗೆದರು.

ಆಗ ಸ್ಪೀಕರಿನಿಂದ ಚಿಕ್ಕಮ್ಮನ ದನಿ ಬಂತು, ಅಷ್ಟೂ ಅತ್ತೆಯ ದನಿಯಲ್ಲಿ: "ತುಂಬಾ ಚೆನ್ನಾಗಿ ಬರ್ದಿದೀರಿ ಮೇಷ್ಟ್ರೇ. ನನ್ನ ಬಾಯಿ ಅಳತೆ ತಗೊಂಡು ಹೊಲಿದ ಹಾಗಿದೆ. ಇಷ್ಟು ದಿನ ಎಲ್ಲಿಟ್ಟಿದ್ರಿ ಈ ಕೈನ?"

ಮೇಷ್ಟ್ರು, "ತಮ್ಮ ಅಭಿಮಾನ," ಅಂದು ಸಹಿ ಹಾಕಿದರು. ಉದ್ದನೆಯ ಸಹಿ, ಕೊನೆಯಲ್ಲಿ ಎರಡು ಗೆರೆ, ಒಂದು ಚುಕ್ಕಿ.

ಉಳಿದ ಸಾಲುಗಳು ಮಧ್ಯಾಹ್ನದೊಳಗೆ ಮುಗಿದವು. ಭಾರದ ಸಾಲು ಬಂದಾಗ ಯಜಮಾನರು ನಕ್ಕ ರಭಸಕ್ಕೆ ಹೆಡ್‌ಫೋನ್ ಕಳಚಿ ಮಡಿಲಿಗೆ ಬಿತ್ತು. ಹರಿಶ್ಚಂದ್ರ ಬಾಗಿಲ ಹತ್ತಿರ ನಿಂತು ತಾವೇ ಹೆತ್ತ ಮಗುವನ್ನು ನೋಡುವಂತೆ ನೋಡುತ್ತಿದ್ದರು. ಮೇಷ್ಟ್ರು ಎರಡು ಸಲ ಕೆಮ್ಮಿದರು. ನಕ್ಕಿದ್ದನ್ನು ಅವರು ಕೆಮ್ಮಿಗೆ ಅನುವಾದ ಮಾಡಿಕೊಂಡಿದ್ದರು.

ಶುಕ್ರವಾರ ಪತ್ರ ಬಂತು. ಅತ್ತೆಯ ಕಂಠ ಅರವತ್ತು ಕಂತಿಗೂ ಖಾಯಂ. ಜೊತೆಗೊಂದು ಟಿಪ್ಪಣಿ: "ನಿಷ್ಠ ಪಠ್ಯದ ನೆರವಿನಿಂದ ಕಲಾವಿದೆ ಗಮನಾರ್ಹವಾಗಿ ಸುಧಾರಿಸಿದ್ದಾರೆ. ಮುಂದೆಯೂ ಪ್ರತಿ ಪದವನ್ನು ಗೌರವಿಸುವಂತೆ ಅವರಿಗೆ ಸಲಹೆ ನೀಡಿ. ಭಾಷಾತಜ್ಞರ ಪದಶಃ ವಿಧಾನವನ್ನು ಇತರ ಭಾಷೆಗಳ ತಂಡಗಳಿಗೆ ಕಲಿಸಲು ಮೂರು ದಿನದ ಶಿಬಿರ ಏರ್ಪಡಿಸಲಾಗಿದೆ." ಮೇಷ್ಟ್ರು ಶಿಬಿರಕ್ಕೆ ಒಪ್ಪಿಕೊಂಡಿದ್ದಾರಂತೆ. ಏನು ಕಲಿಸುತ್ತಾರೋ, ಆ ಭಾಷೆಗಳನ್ನು ದೇವರೇ ಕಾಯಬೇಕು.

ಚಿಕ್ಕಮ್ಮ ಆ ಟಿಪ್ಪಣಿಯನ್ನು ನನ್ನಿಂದ ಮೂರು ಸಲ ಓದಿಸಿಕೊಂಡಳು. 'ಗಮನಾರ್ಹವಾಗಿ ಸುಧಾರಿಸಿದ್ದಾರೆ' ಅನ್ನುವುದನ್ನು ಅತ್ತೆಯ ದನಿಯಲ್ಲಿ, ಮೇಷ್ಟ್ರ ದನಿಯಲ್ಲಿ, ಆಮೇಲೆ ಆಡಿನ ದನಿಯಲ್ಲಿ ಹೇಳಿ ತೋರಿಸಿದಳು. ಆಡಿನದೇ ಚೆನ್ನಾಗಿತ್ತು. ಮಹಡಿ ಮೆಟ್ಟಿಲು ಹತ್ತುತ್ತಾ ಅರ್ಧದಲ್ಲಿ ನಿಂತು ಬಗ್ಗಿ ನೋಡಿದಳು. ನಾನು ಊಟದ ಮೇಜಿನ ಮೇಲೆ ಎರಡನೇ ಕಂತಿನ ಹಾಳೆ ಹರಡಿಕೊಂಡು ಕೂತಿದ್ದೆ.

"ಮೇಷ್ಟ್ರು ಮುಂದಿನದು ಬರೆದ್ರೇನೋ?"

"ಬರೀತಾ ಇದಾರೆ," ಅಂದೆ. "ಒಂದು ಟೀ ಸಿಕ್ಕಿದ್ರೆ ಬೇಗ ಮುಗಿಸ್ತಾರಂತೆ."

"ಹಾಲಿಲ್ಲ ಅಂತ ಹೇಳು ಅವರಿಗೆ," ಅಂದಳು ಚಿಕ್ಕಮ್ಮ. ಹೇಳಿ, ಮೆಟ್ಟಿಲಿಳಿದು ಹಾಲು ತರಲು ಹೋದಳು.